ಕೊಂದದ್ದು ಗೊತ್ತು, ಉದ್ದೇಶ ಗೊತ್ತಾಗುವುದು ಹೇಗೆ?

ಪುಣೆಯ ಕನ್ನಡಿಗರೊಬ್ಬರ ಪ್ರಶ್ನೆ: ಸಾವಿರಾರು ಜನರನ್ನು ಕೊಂದರೂ ಕೋರ್ಟು ಅದನ್ನು ‘ಜನಾಂಗಹತ್ಯೆ’ ಅನ್ನೋದಿಲ್ಲ, ಯಾಕೆ?

ಲೆಕ್ಕಕ್ಕೆ ಬರುವುದು ಹೆಣಗಳ ಸಂಖ್ಯೆಯಲ್ಲ, ಕೊಂದವರ ಉದ್ದೇಶ. 1948ರ ವಿಶ್ವಸಂಸ್ಥೆಯ ಒಪ್ಪಂದದಂತೆ, ಒಂದು ರಾಷ್ಟ್ರ, ಜನಾಂಗ, ವರ್ಣ ಅಥವಾ ಧರ್ಮದ ಗುಂಪನ್ನು ಪೂರ್ತಿಯಾಗಿಯೋ ಭಾಗಶಃವೋ ಅಳಿಸಿಹಾಕುವ ಉದ್ದೇಶ ಇರಬೇಕು.

ಅದನ್ನು ಯಾರೂ ಬರೆದಿಡುವುದಿಲ್ಲ ಅಲ್ವಾ? ಮುಂಬೈಯಲ್ಲಿ ನಾನು ನಡೆಸುವ ಮಾಮೂಲಿ ಕೊಲೆ ಕೇಸಿನಲ್ಲೇ ಮನಸ್ಸಿನೊಳಗಿದ್ದುದನ್ನು ತೋರಿಸುವುದು ಕಷ್ಟ.

ಬೋಸ್ನಿಯಾದ ಸ್ರೆಬ್ರೆನಿತ್ಸಾ ನೋಡಿ. 1995ರಲ್ಲಿ ಅಲ್ಲಿ ಬೋಸ್ನಿಯಾದ ಸರ್ಬ್ ಸೇನೆಯವರು ಏಳು ಸಾವಿರಕ್ಕೂ ಜಾಸ್ತಿ ಮುಸ್ಲಿಂ ಗಂಡಸರು, ಹುಡುಗರನ್ನು ಕೊಂದರು. ಹೆಂಗಸರು, ಮಕ್ಕಳನ್ನು ಬಸ್ಸು ಹತ್ತಿಸಿ ಊರು ಬಿಡಿಸಿದರು. ಗಂಡಸರೇ ಇಲ್ಲದೆ ಆ ಸಮುದಾಯ ಮತ್ತೆ ಬೆಳೆಯಲಾರದು ಎಂಬುದರಿಂದ ವಿಶ್ವಸಂಸ್ಥೆಯ ಯುದ್ಧಾಪರಾಧ ಕೋರ್ಟು ಉದ್ದೇಶವನ್ನು ಊಹಿಸಿತು. ಆದರೂ ಆ ಸೇನೆಯ ಜನರಲ್ ಕ್ರಿಸ್ಟಿಚ್‌ಗೆ ಆ ಉದ್ದೇಶ ಗೊತ್ತಿತ್ತೇ ಹೊರತು ಅದು ಅವನದ್ದೂ ಆಗಿತ್ತೆಂದು ಸಾಬೀತಾಗಲಿಲ್ಲ. 2004ರ ಮೇಲ್ಮನವಿಯಲ್ಲಿ ಅವನು ‘ನೆರವು ಕೊಟ್ಟವನು’ ಮಾತ್ರ ಆದ. ಶಿಕ್ಷೆ 46 ವರ್ಷದಿಂದ 35ಕ್ಕೆ ಇಳಿಯಿತು.