ಹಳೆಯ ಪುಸ್ತಕ ಟೈಪ್ ಮಾಡುವಾಗ ಅಧ್ಯಾಯದ ಹೆಸರು, ಲೈಬ್ರರಿ ಸೀಲು

ಪ್ರಶ್ನೆ: ವಿಕಿಸೋರ್ಸ್‌ಗೆ ಹಳೆಯ ಪುಸ್ತಕ ಟೈಪ್ ಮಾಡ್ತಿದ್ದೇನೆ. ಅಧ್ಯಾಯದ ಹೆಸರು ದಪ್ಪಕ್ಷರದಲ್ಲಿದೆ. ಕಣ್ಣು ಕಾಣದವರಿಗೆ ಅಷ್ಟು ಸಾಕಾ? ಲೈಬ್ರರಿ ಸೀಲನ್ನು ಏನು ಮಾಡಲಿ?

ಉತ್ತರ: ಸಾಲದು. ಅಧ್ಯಾಯದ ಹೆಸರಿಗೆ ಶೀರ್ಷಿಕೆಯ ಗುರುತು ಹಾಕಿ, ಸೀಲಿಗೆ ಚಿಕ್ಕ ವಿವರಣೆ ಬರೆಯಿರಿ.

ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್ ಅಕ್ಷರದ ಗಾತ್ರ ನೋಡಿ ಶೀರ್ಷಿಕೆಯನ್ನು ಊಹಿಸುವುದಿಲ್ಲ, ಪುಟದ ಹಿಂದಿರುವ ಗುರುತನ್ನು ಹುಡುಕುತ್ತದೆ. ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಬಳಸುವವರು H ಕೀ ಒತ್ತಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹಾರುತ್ತಾರೆ. ಬರೀ ದಪ್ಪಕ್ಷರವಿದ್ದರೆ ಅದು ಆ ಕೀಗೆ ಸಿಗುವುದಿಲ್ಲ. ಐದನೇ ಅಧ್ಯಾಯ ಬೇಕಾದವರು ಮೊದಲಿನಿಂದ ಕೇಳುತ್ತಾ ಬರಬೇಕು. ಶೀರ್ಷಿಕೆಯ ಗುರುತು, ಸೀಲಿನ ವಿವರಣೆ ಹೀಗಿರಲಿ:

```
== ಅಧ್ಯಾಯ 5 ==
[[File:Seal.jpg|alt=ದುಂಡಗಿನ ನೇರಳೆ ಸೀಲು: ಸಾರ್ವಜನಿಕ ವಾಚನಾಲಯ. ತಾರೀಕು ಅಳಿಸಿದೆ.]]
```

ಚಿತ್ರದ ವಿವರಣೆಯಾದ `alt` ಇಲ್ಲದಿದ್ದರೆ ಎಷ್ಟೋ ಸಲ ಫೈಲಿನ ಹೆಸರೇ ಕೇಳಿಸುತ್ತದೆ, ಅದರಿಂದ ಏನೂ ತಿಳಿಯುವುದಿಲ್ಲ. ಸೀಲಿನಲ್ಲಿ ಓದಲು ಬರುವ ಮಾತನ್ನು ಇದ್ದಂತೆಯೇ ಬರೆಯಿರಿ. ಅಳಿಸಿದ್ದನ್ನು ಅಳಿಸಿದೆ ಎಂದೇ ಹೇಳಿ, ತಾರೀಕನ್ನು ಸುಮ್ನೆ ಊಹಿಸಬೇಡಿ. ಸೀಲಿನ ಕೆಳಗೆ ಮುಚ್ಚಿಹೋದ ಸಾಲು ಲೇಖಕರದು, ಅದು ವಿವರಣೆಯೊಳಗಲ್ಲ, ಪಠ್ಯದಲ್ಲೇ ಬರಬೇಕು.

ಕೊನೆಗೆ ಎನ್‌ವಿಡಿಎ ಹಾಕಿಕೊಂಡು ಬ್ರೌಸರ್‌ನಲ್ಲಿ Insert+F7 ಒತ್ತಿ, ಶೀರ್ಷಿಕೆಗಳ ಪಟ್ಟಿಯನ್ನು ಆರಿಸಿ. ಅದರಲ್ಲಿ ಬಾರದ ಅಧ್ಯಾಯ ಇನ್ನೂ ಬರೀ ದಪ್ಪಕ್ಷರವಾಗಿಯೇ ಉಳಿದಿದೆ.