ಸಂಧಿ–ಸಮಾಸಗಳನ್ನು ಒಂದೇ ಹಾಳೆಯಲ್ಲಿ ಪುನರಾವರ್ತನೆ ಮಾಡುವುದು ಹೇಗೆ?

ಪ್ರಶ್ನೆ: ಮಗಳು ಹತ್ತನೇ ತರಗತಿ. ಸಂಧಿ, ಸಮಾಸಗಳ ಹೆಸರೆಲ್ಲ ಬಾಯಿಪಾಠ ಇದೆ, ಆದರೆ ಪದ ಕೊಟ್ಟರೆ ಯಾವುದು ಎಂದು ತಪ್ಪು ಹೇಳುತ್ತಾಳೆ. ಪರೀಕ್ಷೆಗೆ ಒಂದು ಪಟ್ಟಿ ಹೇಗೆ ಮಾಡಿಕೊಡಲಿ?

ಉತ್ತರ: ನಾನು ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಪಟ್ಟಿಯನ್ನು ಸಂಧಿಗಳ ಹೆಸರಿನಿಂದ ಆರಂಭಿಸದೆ, ಎರಡು ಪದಗಳು ಕೂಡುವ ಜಾಗದಲ್ಲಿ ಏನಾಯಿತು ಎಂಬುದರಿಂದ ಆರಂಭಿಸಿ. ಒಂದು ಅಕ್ಷರ ಹೋಯಿತೇ, ಹೊಸತು ಬಂತೇ, ಒಂದರ ಬದಲು ಇನ್ನೊಂದು ಬಂತೇ ಎಂದು ನೋಡಿದರೆ ಲೋಪ, ಆಗಮ, ಆದೇಶ ಎಂಬ ಕನ್ನಡ ಸಂಧಿಗಳು ತಾವಾಗಿಯೇ ಹೊರಡುತ್ತವೆ. ಊರು + ಅಲ್ಲಿ ಸೇರಿದಾಗ ‘ಉ’ ಹೋಗಿ ‘ಊರಲ್ಲಿ’ ಆಗುತ್ತದೆ. ಮನೆ + ಅಲ್ಲಿ ಸೇರಿದಾಗ ‘ಯ’ ಬಂದು ‘ಮನೆಯಲ್ಲಿ’ ಆಗುತ್ತದೆ. ಮಳೆ + ಕಾಲ ಸೇರಿದಾಗ ‘ಕ’ಕಾರದ ಜಾಗದಲ್ಲಿ ‘ಗ’ಕಾರ ಬಂದು ‘ಮಳೆಗಾಲ’ ಆಗುತ್ತದೆ. ಗುರು + ಅನ್ನು ಎಂಬಲ್ಲಿ ಲೋಪ ಮಾಡಿದರೆ ‘ಗುರನ್ನು’ ಎಂದಾಗಿ ಪದವೇ ಕೆಡುವುದರಿಂದ ಅಲ್ಲಿ ‘ವ’ಕಾರ ಆಗಮವಾಗುತ್ತದೆ.

ಮಕ್ಕಳು ಎಡವುವುದು ಕನ್ನಡ ಸಂಧಿಗೂ ಸಂಸ್ಕೃತ ಸಂಧಿಗೂ ಇರುವ ಗಡಿಯಲ್ಲಿ. ಆದ್ದರಿಂದ ಪಟ್ಟಿಯಲ್ಲಿ ಮೂರು ಜೋಡಿಗಳನ್ನು ಅಕ್ಕಪಕ್ಕದಲ್ಲೇ ಬರೆಯಿಸಿ. ‘ಗುರುವನ್ನು’ ಮತ್ತು ‘ಮನ್ವಂತರ’ ಎರಡರಲ್ಲೂ ‘ವ’ ಕಾಣುತ್ತದೆ; ಮೊದಲನೆಯದರಲ್ಲಿ ‘ಉ’ ಉಳಿದು ‘ವ’ ಹೊಸದಾಗಿ ಬಂದಿರುವುದರಿಂದ ಅದು ಆಗಮ, ಎರಡನೆಯದರಲ್ಲಿ (ಮನು + ಅಂತರ) ‘ಉ’ ಹೋಗಿ ಅದರ ಜಾಗಕ್ಕೇ ‘ವ್’ ಬಂದಿರುವುದರಿಂದ ಅದು ಯಣ್ ಸಂಧಿ. ‘ಮಳೆಗಾಲ’ ಮತ್ತು ‘ಜಗದೀಶ’ ಇನ್ನೊಂದು ಜೋಡಿ: ಆದೇಶದಲ್ಲಿ ಬದಲಾಗುವುದು ಉತ್ತರಪದದ ಮೊದಲ ವ್ಯಂಜನ, ಜಶ್ತ್ವದಲ್ಲಿ (ಜಗತ್ + ಈಶ) ಬದಲಾಗುವುದು ಪೂರ್ವಪದದ ಕೊನೆಯ ವ್ಯಂಜನ. ಮೂರನೆಯದು ‘ಮಾತಾಡು’ ಮತ್ತು ‘ವಿದ್ಯಾಭ್ಯಾಸ’. ದೀರ್ಘ ‘ಆ’ ಕಂಡ ಕೂಡಲೇ ಸವರ್ಣದೀರ್ಘ ಎಂದು ಗುರುತು ಹಾಕುವವರು ಬಹಳ ಮಂದಿ. ಮಾತು + ಆಡು ಎಂದು ಬಿಡಿಸಿದರೆ, ಆ ದೀರ್ಘ ‘ಆಡು’ ಪದದ್ದೇ ಎಂದೂ ನಡೆದದ್ದು ಬರಿಯ ಉಕಾರ ಲೋಪ ಎಂದೂ ತಿಳಿಯುತ್ತದೆ. ಗುಣ, ವೃದ್ಧಿಗಳಲ್ಲಿ ಇಂಥ ತೊಡಕು ಕಡಿಮೆ. ಏ, ಓ, ಅರ್ ಬಂದರೆ ಗುಣ (ಮಹೇಶ, ಮಹೋತ್ಸವ, ಮಹರ್ಷಿ), ಐ, ಔ ಬಂದರೆ ವೃದ್ಧಿ (ಏಕೈಕ, ವನೌಷಧಿ) ಎಂದು ಒಂದು ಸಾಲು ಬರೆದರೆ ಸಾಕು.

ಸಮಾಸಕ್ಕೆ ಹೋಗುವ ಮುನ್ನ ಒಂದು ಮಾತು ಸ್ಪಷ್ಟವಾಗಬೇಕು. ‘ಮನೆಯಲ್ಲಿ’ ಎಂಬುದರಲ್ಲಿ ಸಂಧಿಯಿದೆ, ಸಮಾಸವಿಲ್ಲ, ಏಕೆಂದರೆ ‘ಅಲ್ಲಿ’ ಎಂಬುದು ವಿಭಕ್ತಿ ಪ್ರತ್ಯಯ. ‘ಕೈಮುಗಿ’ ಎಂಬುದರಲ್ಲಿ ಸಮಾಸವಿದೆ, ಸಂಧಿಯಿಲ್ಲ. ‘ಬೆಟ್ಟದಾವರೆ’ಯಲ್ಲಿ ಎರಡೂ ಇವೆ, ಪಟ್ಟಿಗೆ ಮಾದರಿಯಾಗಿ ನಾನು ಇದನ್ನೇ ಬಿಡಿಸಿ ತೋರಿಸುತ್ತೇನೆ. ಸಂಧಿ ಕೇಳಿದರೆ ಬೆಟ್ಟ + ತಾವರೆ ಎಂದು ಬಿಡಿಸಿ, ತಕಾರಕ್ಕೆ ದಕಾರ ಬಂದಿರುವ ಕಾರಣ ಆದೇಶ ಸಂಧಿ ಎಂದು ಬರೆಯಬೇಕು. ಸಮಾಸ ಕೇಳಿದರೆ ಬೆಟ್ಟದ + ತಾವರೆ ಎಂದು ವಿಗ್ರಹವಾಕ್ಯ ಬರೆದು, ಪೂರ್ವಪದದಲ್ಲಿ ಷಷ್ಠೀ ವಿಭಕ್ತಿ ಇರುವುದರಿಂದ ತತ್ಪುರುಷ ಎನ್ನಬೇಕು. ಒಂದಕ್ಕೆ ಬರೆಯುವ ಬಿಡಿಕೆಯನ್ನು ಇನ್ನೊಂದಕ್ಕೆ ಬರೆಯುವುದು ಉತ್ತರಪತ್ರಿಕೆಗಳಲ್ಲಿ ಪದೇ ಪದೇ ಕಾಣುವ ತಪ್ಪು. ‘ಬೆಟ್ಟ + ದಾವರೆ’ ಎಂದು ಬರೆದವರನ್ನು ‘ದಾವರೆ’ ಎಂದರೇನು ಎಂದು ಕೇಳಿ. ತಪ್ಪು ಅವರಿಗೇ ಹೊಳೆಯುತ್ತದೆ.

ಸಮಾಸದಲ್ಲಿ ಹೆಸರು ಹೇಳುವುದು ವಿಗ್ರಹವಾಕ್ಯವೇ, ಪದದ ರೂಪವಲ್ಲ. ‘ಹೆಮ್ಮರ’ವನ್ನು ‘ಹೆ + ಮರ’ ಎಂದರೆ ಏನೂ ತಿಳಿಯದು; ಹಿರಿದು + ಮರ ಎಂದಾಗ ಪೂರ್ವಪದ ವಿಶೇಷಣವೆಂದು ಕಂಡು ಕರ್ಮಧಾರಯವಾಗುತ್ತದೆ. ‘ಸುಡುಗಾಡು’ ಸುಡುವುದು + ಕಾಡು. ಪೂರ್ವಪದ ಧಾತುವಿನಿಂದಾದ ಕೃದಂತವಾದ್ದರಿಂದ ಗಮಕ. ‘ಕೈಮುಗಿ’ ಕೈಯನ್ನು + ಮುಗಿ. ಇಲ್ಲಿ ಉತ್ತರಪದವೇ ಕ್ರಿಯೆ, ಆದ್ದರಿಂದ ಕ್ರಿಯಾಸಮಾಸ. ‘ಅಂಗೈ’ ಕೈಯ + ಅಡಿ ಎಂದಾಗಿ ಅಂಶಿ. ಷಷ್ಠೀ ಕಂಡಿತೆಂದು ತತ್ಪುರುಷ ಎನ್ನುವ ಮುನ್ನ ಒಂದು ವಸ್ತುವಿನ ಭಾಗವನ್ನು ಹೇಳುತ್ತಿದೆಯೇ ಎಂದು ನೋಡಬೇಕು. ಸಂಖ್ಯೆ ಕಂಡರೆಲ್ಲ ದ್ವಿಗುವಲ್ಲ: ‘ಇಮ್ಮಡಿ’ ದ್ವಿಗು ನಿಜ, ಆದರೆ ‘ಮುಕ್ಕಣ್ಣ’ ಎಂಬುದು ಮೂರು ಕಣ್ಣು ಉಳ್ಳ ಶಿವನನ್ನು ಹೇಳುವುದರಿಂದ ಬಹುವ್ರೀಹಿ. ಇನ್ನು ದ್ವಂದ್ವದಲ್ಲಿ (ಕೆರೆಕಟ್ಟೆಗಳು) ತಪ್ಪುವವರು ಅಪರೂಪ.

ಹಾಳೆಯಲ್ಲಿ ನಾಲ್ಕು ಅಂಕಣ ಎಳೆಯಿಸಿ: ಪದ, ಸಂಧಿಗೆ ಬಿಡಿಸಿದ ರೂಪ, ವಿಗ್ರಹವಾಕ್ಯ, ಕಾರಣ. ಹೆಸರಿಗೆ ಪ್ರತ್ಯೇಕ ಅಂಕಣ ಬೇಡ, ಅದನ್ನು ಕಾರಣದ ಕೊನೆಯಲ್ಲಿ ಬರೆಯಲಿ. ಪಾಠಪುಸ್ತಕದ ಪದಗಳನ್ನೇ ತುಂಬಿಸಿ, ಕಾರಣದ ಅಂಕಣವನ್ನು ಮುಚ್ಚಿ ಬಾಯಲ್ಲಿ ಹೇಳಿಸಿ. ಕಾರಣ ತಡವರಿಸಿದ ಪದಗಳನ್ನು ಮಾತ್ರ ಮರುದಿನ ಮತ್ತೆ ಕೇಳಿ.