ಸಾಲ ತೀರಿದರೂ ಮನೆ ಪತ್ರ ಕೊಡದ ಬ್ಯಾಂಕ್: ಆರ್‌ಬಿಐಗೆ ದೂರು ಕೊಡುವಾಗ ಏನೇನು ಲಗತ್ತಿಸಬೇಕು?

"ಮಾರ್ಚ್ 10ಕ್ಕೆ ಹೋಮ್ ಲೋನ್ ಪೂರ್ತಿ ಕಟ್ಟಿ ಮುಗಿಸಿದೆ. ಇವತ್ತು ಜುಲೈ 18. ಬ್ಯಾಂಕಿನವರು ಇನ್ನೂ ಮನೆ ಪತ್ರ ಕೊಟ್ಟಿಲ್ಲ. ಕೇಳಿದಾಗೆಲ್ಲ ಹೆಡ್ ಆಫೀಸಿಂದ ಬರಬೇಕು ಅಂತಾರೆ. ಜೂನ್ 5ಕ್ಕೆ ಬರೆದು ಕೊಟ್ಟ ದೂರಿಗೆ ಉತ್ತರ ಇಲ್ಲ. ಆರ್‌ಬಿಐಗೆ ಹೋಗಬಹುದಾ? ಯಾವ ಯಾವ ಕಾಗದ ಹಾಕಬೇಕು?"

ಹೋಗಬಹುದು, ಇವತ್ತೇ ಹೋಗಬಹುದು. ದುಡ್ಡೂ ಬೇಡ, ವಕೀಲರೂ ಬೇಡ. ನಮ್ಮ ತಂದೆಯವರ ಸಾಲ ಮುಗಿದಾಗ ಒಂದು ಬ್ಯಾಂಕ್ ನಮಗೂ ಇದೇ ಮಾತು ಹೇಳಿ ಅಲೆಸಿತ್ತು. ಆ ದೂರನ್ನು ಬರೆದು ಹಾಕಿದವನು ನಾನೇ.

ಮೊದಲು ಒಂದು ವಿಷಯ ನೋಡಿಕೊಳ್ಳಿ. ಸಾಲದ ಒಪ್ಪಂದದಲ್ಲಿ ಸಾಲ ಕೊಟ್ಟವರ ಪೂರ್ತಿ ಹೆಸರು ಏನಿದೆ? ಎಷ್ಟೋ ಬ್ಯಾಂಕ್‌ಗಳ ಹೆಸರಿನಲ್ಲೇ ಬೇರೆ ಹೌಸಿಂಗ್ ಫೈನಾನ್ಸ್ ಕಂಪನಿ ಇರುತ್ತದೆ, ಬೋರ್ಡೂ ಹೆಚ್ಚುಕಮ್ಮಿ ಒಂದೇ ಥರ. ಬ್ಯಾಂಕ್ ಆಗಿದ್ದರೆ ಗ್ರಾಹಕರ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್ ಸರಿಯಾದ ಜಾಗ. ಹೌಸಿಂಗ್ ಫೈನಾನ್ಸ್ ಕಂಪನಿ ಆಗಿದ್ದರೆ ದೂರು ಹೋಗಬೇಕಾದದ್ದು ನ್ಯಾಷನಲ್ ಹೌಸಿಂಗ್ ಬ್ಯಾಂಕ್‌ನ GRIDS ಪೋರ್ಟಲ್‌ಗೆ. ಇದನ್ನು ನೋಡದೆ ಹಾಕಿದರೆ ಸುಮ್ನೆ ಕಾಲ ಹಾಳು.

ನಿಮ್ಮ ಕೈಯಲ್ಲಿರುವ ನಿಯಮ ತುಂಬಾ ಗಟ್ಟಿ. 2023ರ ಸೆಪ್ಟೆಂಬರ್ 13ರಂದು ಆರ್‌ಬಿಐ ಒಂದು ಸುತ್ತೋಲೆ ಹೊರಡಿಸಿತು. ಸಾಲ ಪೂರ್ತಿ ತೀರಿದ 30 ದಿನದೊಳಗೆ ಎಲ್ಲಾ ಮೂಲ ಪತ್ರಗಳನ್ನು ವಾಪಸ್ ಕೊಡಬೇಕು, ನೋಂದಣಿಯಾಗಿರುವ ಅಡಮಾನವನ್ನೂ ತೆಗೆಸಬೇಕು. ತಪ್ಪು ಬ್ಯಾಂಕಿನದಾಗಿದ್ದರೆ ತಡವಾದ ಪ್ರತಿ ದಿನಕ್ಕೆ 5,000 ರೂಪಾಯಿ ಸಾಲಗಾರನಿಗೆ ಕೊಡಬೇಕು. 2023ರ ಡಿಸೆಂಬರ್ 1ರಿಂದ ಈಚೆಗೆ ಪತ್ರ ಕೊಡಬೇಕಾಗಿ ಬಂದ, ಹೋಮ್ ಲೋನ್‌ನಂಥ ವೈಯಕ್ತಿಕ ಸಾಲಗಳಿಗೆಲ್ಲ ಇದು ಅನ್ವಯಿಸುತ್ತದೆ.

ನಿಮ್ಮ ಲೆಕ್ಕವನ್ನೇ ಹಾಕೋಣ. ಮಾರ್ಚ್ 10ಕ್ಕೆ 30 ದಿನ ಸೇರಿಸಿದರೆ ಏಪ್ರಿಲ್ 9. ಏಪ್ರಿಲ್ 10ರಿಂದ ಇವತ್ತಿನವರೆಗೆ 100 ದಿನ, ಅಂದರೆ 5 ಲಕ್ಷ ರೂಪಾಯಿ. ಪತ್ರಗಳು ಕಳೆದುಹೋಗಿವೆ ಎಂದು ಬ್ಯಾಂಕ್ ಒಪ್ಪಿಕೊಂಡರೆ ಲೆಕ್ಕ ಬದಲಾಗುತ್ತದೆ. ಆಗ ಅವರಿಗೆ ಇನ್ನೂ 30 ದಿನ ಸಿಗುತ್ತದೆ, ಮೇ 10ರಿಂದ ಎಣಿಸಬೇಕು, 70 ದಿನಕ್ಕೆ ಮೂರೂವರೆ ಲಕ್ಷ. ಜೊತೆಗೆ ನಕಲು ಪತ್ರ ತೆಗೆಸಲು ಸಹಾಯ ಮಾಡಿ, ಆ ಖರ್ಚನ್ನೂ ಅವರೇ ಹಾಕಿಕೊಳ್ಳಬೇಕು. ಬ್ಯಾಂಕ್ ಇದುವರೆಗೆ ಕಳೆದುಹೋಗಿದೆ ಎಂದು ಬರೆದು ಕೊಟ್ಟಿಲ್ಲ, ಅಲ್ವಾ? ಹಾಗಿದ್ದರೆ ನೀವು ಮೊದಲನೇ ಲೆಕ್ಕವನ್ನೇ ಕೇಳಿ.

ಇನ್ನು ಕಾಗದಗಳ ವಿಷಯ. ದೂರು ನಿಲ್ಲುವುದೂ ಬೀಳುವುದೂ ಇಲ್ಲೇ.

ಎಲ್ಲಕ್ಕಿಂತ ಮುಖ್ಯವಾದದ್ದು ಜೂನ್ 5ರ ನಿಮ್ಮ ದೂರಿನ ಪ್ರತಿ ಮತ್ತು ಅದು ಬ್ಯಾಂಕಿಗೆ ತಲುಪಿದ್ದಕ್ಕೆ ಪುರಾವೆ. ಬ್ಯಾಂಕಿಗೆ ಲಿಖಿತವಾಗಿ ದೂರು ಕೊಟ್ಟು, 30 ದಿನ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ಕೊಡದಿದ್ದರೆ ಮಾತ್ರ ಒಂಬುಡ್ಸ್‌ಮನ್ ಕೈಗೆತ್ತಿಕೊಳ್ಳುತ್ತಾರೆ. ನಿಮ್ಮ 30 ದಿನ ಜುಲೈ 5ಕ್ಕೇ ಮುಗಿದಿದೆ. ಆದರೆ ನಿಮ್ಮ ಪ್ರತಿಯ ಮೇಲೆ ಬ್ರಾಂಚಿನ ಸೀಲು, ತಾರೀಖು, ಸಹಿ ಇದೆಯಾ? ಇಮೇಲ್ ಮಾಡಿದ್ದರೆ ಅವರಿಂದ ಬಂದ ದೂರಿನ ನಂಬರ್ ಇದೆಯಾ? ಕೌಂಟರಿನಲ್ಲಿ ಪತ್ರ ಇಸಿದುಕೊಂಡು ಸೀಲು ಹಾಕದೆ ಕಳಿಸುವುದು ಜಾಸ್ತಿ. ಹಾಗಾಗಿದ್ದರೆ ಈಗಲೇ ಬ್ಯಾಂಕಿನ ಗ್ರೀವೆನ್ಸ್ ಇಮೇಲ್‌ಗೆ ಹೊಸದಾಗಿ ದೂರು ಕಳಿಸಿ, ಸ್ಪೀಡ್ ಪೋಸ್ಟಿನಲ್ಲೂ ಹಾಕಿ, ತಲುಪಿದ್ದನ್ನು ತೋರಿಸುವ ಟ್ರ್ಯಾಕಿಂಗ್ ಪುಟ ಪ್ರಿಂಟ್ ಮಾಡಿಟ್ಟುಕೊಳ್ಳಿ. ಮತ್ತೆ 30 ದಿನ ಕಾಯಬೇಕಾಗುತ್ತದೆ, ಬೇರೆ ದಾರಿ ಇಲ್ಲ. ಬ್ಯಾಂಕಿಗೆ ಬರೆದ ಇಮೇಲ್‌ನಲ್ಲಿ ಆರ್‌ಬಿಐ ವಿಳಾಸವನ್ನೂ ಸಿಸಿ ಮಾಡಿದರೆ ದೂರು ಕೊಟ್ಟಂತೆ ಆಗುವುದಿಲ್ಲ.

ಎರಡನೆಯದು ಸಾಲ ತೀರಿದ್ದಕ್ಕೆ ಪುರಾವೆ: ಬಾಕಿ ಸೊನ್ನೆ ತೋರಿಸುವ ಲೋನ್ ಸ್ಟೇಟ್‌ಮೆಂಟ್, ನೋ ಡ್ಯೂ ಸರ್ಟಿಫಿಕೇಟ್, ಕೊನೆಯ ಪಾವತಿಯ ಯುಟಿಆರ್ ನಂಬರ್. 30 ದಿನದ ಗಡಿಯಾರ ಶುರುವಾಗುವುದು ಈ ತಾರೀಖಿನಿಂದ.

ಮೂರನೆಯದನ್ನು ಜನ ಮರೆಯುತ್ತಾರೆ. ಸಾಲ ತಗೊಳ್ಳುವಾಗ ನೀವು ಒಪ್ಪಿಸಿದ ಪತ್ರಗಳ ಪಟ್ಟಿ. ಬ್ಯಾಂಕಿನವರು ಇದನ್ನು ಎಲ್ಒಡಿ ಅನ್ನುತ್ತಾರೆ. ಕ್ರಯಪತ್ರ, ತಾಯಿ ಪತ್ರ, ಖಾತಾ, ಎಲ್ಲದಕ್ಕೂ ತಾರೀಖು, ನೋಂದಣಿ ನಂಬರ್, ಮೂಲವೋ ಜೆರಾಕ್ಸೋ ಎಂಬುದು ಅದರಲ್ಲಿ ಇರುತ್ತದೆ. ನಮ್ಮ ವಿಷಯದಲ್ಲಿ ಬ್ಯಾಂಕ್ "ತಾಯಿ ಪತ್ರ ನಮಗೆ ಬಂದೇ ಇಲ್ಲ" ಎಂದು ಶುರು ಮಾಡಿತು. ಎಲ್ಒಡಿಯ ಎರಡನೇ ಸಾಲಿನಲ್ಲಿ ಅದೇ ಪತ್ರದ ನಂಬರು, ಪಕ್ಕದಲ್ಲಿ 'ಮೂಲ', ಕೆಳಗೆ ಅವರದೇ ಅಧಿಕಾರಿಯ ಸಹಿ. ಆ ಒಂದು ಹಾಳೆ ಮುಂದಿಟ್ಟ ಮೇಲೆ ಆ ಮಾತು ನಿಂತಿತು. ನಿಮ್ಮ ಹತ್ತಿರ ಎಲ್ಒಡಿ ಇಲ್ಲದಿದ್ದರೆ ಬ್ಯಾಂಕಿಗೆ ಬರೆದು ಕೇಳಿ. ಆ ಕೋರಿಕೆಯ ಪ್ರತಿಯನ್ನೂ ಲಗತ್ತಿಸಿ.

ನಾಲ್ಕನೆಯದು, ತಡ ನಿಮ್ಮಿಂದ ಆಗಿಲ್ಲ ಎಂಬುದಕ್ಕೆ ಸಾಕ್ಷಿ. "ಗ್ರಾಹಕರೇ ಬಂದು ತಗೊಳ್ಳಲಿಲ್ಲ" ಎನ್ನುವುದು ಬ್ಯಾಂಕಿನ ಸುಲಭದ ಉತ್ತರ. ಪತ್ರ ಕೇಳಿ ಕಳಿಸಿದ ಇಮೇಲ್, ಮೆಸೇಜ್, ಅವರು ಹೆಡ್ ಆಫೀಸ್ ಕಥೆ ಹೇಳಿ ಕಳಿಸಿದ ಉತ್ತರ, ಎಲ್ಲಾ ಹಾಕಿ. ಬಾಯಿಮಾತಿನಲ್ಲೇ ಹೇಳುತ್ತಿದ್ದರೆ ಅದೇ ದಿನ "ಇವತ್ತು ಬಂದಿದ್ದೆ, ಹೀಗೆ ಹೇಳಿದಿರಿ" ಎಂದು ಬ್ರಾಂಚಿಗೆ ಒಂದು ಇಮೇಲ್ ಹಾಕಿಬಿಡಿ. ಮನೆ ಮಾರುವ ಮಾತುಕತೆ ಇದರಿಂದ ಮುರಿದಿದ್ದರೆ ಆ ಕರಾರುಪತ್ರವೂ ಇರಲಿ. ಆಧಾರ್ ನಂಬರ್ ಮುಚ್ಚಿ, ಕೊನೆಯ ನಾಲ್ಕು ಅಂಕೆ ಮಾತ್ರ ಕಾಣಲಿ.

ಎಲ್ಲವನ್ನೂ ಪಿಡಿಎಫ್ ಮಾಡಿ ನಂಬರ್ ಕೊಡಿ. ಎಲ್ಲಕ್ಕಿಂತ ಮೇಲೆ ಒಂದೇ ಪುಟದ ತಾರೀಖುಪಟ್ಟಿ ಇಡಿ: ಯಾವ ದಿನ ಏನಾಯಿತು, ಅದಕ್ಕೆ ಎಷ್ಟನೇ ಲಗತ್ತು. ಓದುವವರು ನಿಮ್ಮ ಕಥೆಯನ್ನು ಆ ಪುಟದಿಂದಲೇ ಹಿಡಿಯುತ್ತಾರೆ.

ಆಮೇಲೆ cms.rbi.org.in ತೆರೆಯಿರಿ. ಮೊಬೈಲ್‌ಗೆ ಓಟಿಪಿ ಬರುತ್ತದೆ. ಬ್ಯಾಂಕಿಗೆ ಯಾವತ್ತು ದೂರು ಕೊಟ್ಟಿರಿ, ಉತ್ತರ ಬಂತಾ, ವಿಷಯ ಕೋರ್ಟಿನಲ್ಲಿದೆಯಾ ಎಂದೆಲ್ಲ ಕೇಳುತ್ತದೆ. ಕೋರ್ಟಿನಲ್ಲಿದ್ದರೆ ಇಲ್ಲಿ ತಗೊಳ್ಳುವುದಿಲ್ಲ. ಪರಿಹಾರದ ಜಾಗದಲ್ಲಿ "ನ್ಯಾಯ ಕೊಡಿಸಿ" ಎಂದು ಬರೆದರೆ ಉಪಯೋಗವಿಲ್ಲ. ಹೀಗೆ ಬರೆಯಿರಿ:

"ಲಗತ್ತು 3ರಲ್ಲಿರುವ ಎಲ್ಲಾ ಮೂಲ ಪತ್ರಗಳನ್ನು ವಾಪಸ್ ಕೊಡಿಸಬೇಕು. ಅಡಮಾನ ತೆಗೆಸಬೇಕು. ಆರ್‌ಬಿಐ ನಿಯಮದಂತೆ ಏಪ್ರಿಲ್ 10ರಿಂದ ಪತ್ರ ಕೈಸೇರುವ ದಿನದವರೆಗೆ ದಿನಕ್ಕೆ 5,000 ರೂಪಾಯಿ ಕೊಡಿಸಬೇಕು."

'ಪತ್ರ ಕೈಸೇರುವ ದಿನದವರೆಗೆ' ಎಂಬುದನ್ನು ಬಿಡಬೇಡಿ. ಬರೀ 5 ಲಕ್ಷ ಎಂದು ಬರೆದರೆ ಲೆಕ್ಕ ಇವತ್ತಿಗೇ ನಿಲ್ಲುತ್ತದೆ.

ಆನ್‌ಲೈನ್ ಆಗದಿದ್ದರೆ crpc@rbi.org.in ಗೆ ಇಮೇಲ್ ಮಾಡಬಹುದು, ಕನ್ನಡದಲ್ಲೇ ಬರೆಯಬಹುದು. ಸಂಶಯವಿದ್ದರೆ 14448 ಉಚಿತ ಸಹಾಯವಾಣಿ, ಅಲ್ಲೂ ಕನ್ನಡ ಇದೆ. ದೂರಿಗೂ ಒಂದು ಕೊನೆಯ ದಿನ ಇದೆ, ಹಾಗಾಗಿ ಮುಂದೂಡಬೇಡಿ.

ದೂರು ಸ್ವೀಕಾರವಾದ ಮೇಲೆ ಬ್ಯಾಂಕ್ ಉತ್ತರ ಕೊಡಬೇಕಾಗುತ್ತದೆ. ಆಗ ಹೆಚ್ಚಾಗಿ ಬ್ರಾಂಚಿನಿಂದಲೇ ಫೋನ್ ಬರುತ್ತದೆ: "ಪತ್ರ ರೆಡಿ ಇದೆ, ಬನ್ನಿ, ದೂರು ವಾಪಸ್ ತಗೊಳ್ಳಿ." ಹೋಗಿ, ಆದರೆ ಎಲ್ಒಡಿ ಕೈಯಲ್ಲಿ ಹಿಡಿದು ಒಂದೊಂದೇ ಪತ್ರ ತಾಳೆ ನೋಡಿ. ಪತ್ರ ಸಿಕ್ಕಿದ್ದಕ್ಕೆ ಮಾತ್ರ ತಾರೀಖು ಹಾಕಿ ಸಹಿ ಮಾಡಿ. "ಇನ್ನು ಯಾವ ತಕರಾರೂ ಇಲ್ಲ" ಎಂಬ ಸಾಲು ಅದರಲ್ಲಿದ್ದರೆ ಹೊಡೆದುಹಾಕಿ, ದಿನದ ಲೆಕ್ಕದ ದುಡ್ಡು ಬಾಕಿ ಇದೆ ಎಂದು ಪಕ್ಕದಲ್ಲೇ ಬರೆಯಿರಿ. ಅಡಮಾನ ನೋಂದಣಿ ಆಗಿದ್ದರೆ ಸಬ್ ರಿಜಿಸ್ಟ್ರಾರ್ ಆಫೀಸಿನಲ್ಲಿ ಅದನ್ನು ರದ್ದು ಮಾಡಿಸಿ, ಹೊಸ ಇಸಿ ತೆಗೆದು, ರದ್ದಾದದ್ದು ಅದರಲ್ಲಿ ಬಂದಿರುವುದನ್ನು ನೋಡಿದ ಮೇಲೆಯೇ ದೂರು ಮುಗಿಯಿತು ಎಂದು ಒಪ್ಪಿಕೊಳ್ಳಿ.